ಹದಿನಾರು ಪಿಕ್ಸೆಲ್‌ನಲ್ಲಿ ಒಂದು ‘ಚ’

ಒಳ್ಳೆಯ ಪ್ರಾಂಪ್ಟ್ ಒಂದಿದ್ದರೆ ಒಳ್ಳೆಯ ಮಾನೋಗ್ರಾಮ್ ತಾನಾಗಿ ಬರುತ್ತದೆ ಎಂಬ ನಂಬಿಕೆ ಈಗ ಊರೂರಿಗೆ ಹಬ್ಬಿದೆ. ಚನ್ನಪಟ್ಟಣದ ಗೊಂಬೆ ಅಂಗಡಿ, ರಾಮನಗರದ ರೇಷ್ಮೆ ವ್ಯಾಪಾರ, ಕನಕಪುರ, ಮಾಗಡಿಯ ಸಣ್ಣ ತಯಾರಕರು, ಎಲ್ಲರಿಗೂ ಡಬ್ಬಿಯ ಮೇಲೆ, ವಾಟ್ಸಾಪ್ ಡಿಪಿಯಲ್ಲಿ, ಮಾಲಿನ ಅಡಿಯಲ್ಲಿ ಎರಡಕ್ಷರದ ಗುರುತೊಂದು ಬೇಕು. ಅದನ್ನು ಬರೆಸಿಕೊಳ್ಳಲು ಸಿದ್ಧ ಪ್ರಾಂಪ್ಟ್‌ಗಳು ಕೈಯಿಂದ ಕೈಗೆ ದಾಟುತ್ತಿವೆ, ಕೆಲವು ದುಡ್ಡಿಗೂ ಸಿಗುತ್ತವೆ. ಅಕ್ಷರಗಳ ಅಂತರ, ಗೆರೆಯ ದಪ್ಪ, ಅತಿ ಚಿಕ್ಕ ಅಳತೆಯಲ್ಲೂ ಓದಿಸಿಕೊಳ್ಳುವ ಗುಣ, ಈ ಮೂರನ್ನೂ ಒಂದೇ ಏಟಿಗೆ ಕೊಡುತ್ತೇವೆ ಎಂಬುದು ಅವುಗಳ ಹೆಚ್ಚುಗಾರಿಕೆ. ಇವಕ್ಕೆ ಸಿಕ್ಕಿರುವ ಹೆಸರು ಅತಿಯಾಯಿತು ಎಂಬುದು ನನ್ನ ವಾದ. ಈ ಮೂರೂ ಪ್ರಾಂಪ್ಟ್‌ನ ಹಿಡಿತಕ್ಕೆ ಸಿಗುವ ಸಂಗತಿಗಳೇ ಅಲ್ಲ.

ಇಂಥ ಪ್ರಾಂಪ್ಟ್‌ಗಳ ಅಚ್ಚು ಸಾಮಾನ್ಯವಾಗಿ ಹೀಗಿರುತ್ತದೆ:

```
luxury minimalist monogram logo, letters "CP" interlocked,
thin elegant strokes, tight letter spacing, perfect kerning,
highly legible at 16px, vector, flat, 8k
```

ಎರಡನೆಯ ಸಾಲನ್ನೂ ಮೂರನೆಯ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಿ. ತೆಳು ಗೆರೆ ಬೇಕು, ಅಕ್ಷರಗಳು ಒತ್ತೊತ್ತಾಗಿರಬೇಕು, ಆದರೂ ಹದಿನಾರು ಪಿಕ್ಸೆಲ್‌ನಲ್ಲಿ ಸ್ಪಷ್ಟವಾಗಿ ಓದಬರಬೇಕು. ಮೊದಲೆರಡು ಬೇಡಿಕೆಗಳು ಕೊನೆಯದರ ಶತ್ರುಗಳು. ಅಳತೆ ಕುಗ್ಗಿದಂತೆ ಗೆರೆ ದಪ್ಪಗಾಗಬೇಕು, ಅಕ್ಷರದ ಒಳಜಾಗ ಅಗಲವಾಗಬೇಕು, ಅಕ್ಷರಗಳು ಒಂದರಿಂದೊಂದು ದೂರ ಸರಿಯಬೇಕು. ಸೀಸದ ಅಚ್ಚುಮೊಳೆಯ ಕಾಲದಲ್ಲಿ ಆರು ಪಾಯಿಂಟಿನ ಅಕ್ಷರ ಎಂದರೆ ಇಪ್ಪತ್ತನಾಲ್ಕು ಪಾಯಿಂಟಿನ ಅಕ್ಷರವನ್ನು ಕುಗ್ಗಿಸಿದ್ದಾಗಿರಲಿಲ್ಲ. ಅದನ್ನು ಬೇರೆಯಾಗಿಯೇ ಕೆತ್ತುತ್ತಿದ್ದರು. 1978ರಲ್ಲಿ ಮ್ಯಾಥ್ಯೂ ಕಾರ್ಟರ್ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗಾಗಿ ಬೆಲ್ ಸೆಂಟೆನಿಯಲ್ ಎಂಬ ಅಕ್ಷರಮಾದರಿ ಮಾಡಿದಾಗ, ಗೆರೆಗಳು ಕೂಡುವ ಮೂಲೆಗಳಲ್ಲಿ ಬೇಕೆಂದೇ ಕಚ್ಚು ಬಿಟ್ಟಿದ್ದರು. ಅಗ್ಗದ ಕಾಗದದ ಮೇಲೆ ಶಾಯಿ ಹರಡಿ ಆ ಕಚ್ಚು ತುಂಬಿಕೊಂಡಾಗ ಮೂಲೆ ಸರಿಯಾಗಿ ಕಾಣುತ್ತಿತ್ತು. ಅಂದರೆ ಮಾಡುವಾಗ ವಿಕಾರ, ಅಚ್ಚಾದಾಗ ಸುರೂಪ. ‘ಪರ್ಫೆಕ್ಟ್’ ಎಂಬ ಪದದಿಂದ ಇಂಥ ವಿಕಾರವನ್ನು ಯಾರೂ ಕೇಳಿ ಪಡೆಯಲಾರರು.

ಇನ್ನು `16px` ಎಂಬ ಪದ. ಚಿತ್ರ ಬರೆಯುವ ಮಾದರಿಗೆ ಅದು ಅಳತೆಯಲ್ಲ, ಶೀರ್ಷಿಕೆಯ ಒಂದು ತುಣುಕು. ಈ ಮಾದರಿಗಳು ಚಿತ್ರ ಮತ್ತು ಅದರ ಜೊತೆಗಿದ್ದ ಬರಹ, ಇವೆರಡರ ಜೋಡಿಗಳಿಂದ ಕಲಿತಿವೆ. ಲೋಗೋ ಚಿತ್ರದ ಕೆಳಗೆ ಗೆರೆ ಎಷ್ಟು ದಪ್ಪ, ಅಂತರ ಎಷ್ಟು ಎಂದು ಅಳೆದು ಬರೆದವರು ಅಪರೂಪ. ಹಾಗಾಗಿ ಚಿಕ್ಕ ಅಳತೆಯ ಮಾತೆತ್ತಿದರೆ ಹಲವು ಸಲ ಸಿಗುವುದು ಚಿಕ್ಕ ಐಕಾನ್‌ಗಳ ಸಾಲು ಅಥವಾ ವಿಸಿಟಿಂಗ್ ಕಾರ್ಡಿನ ಮೇಲೆ ಕೂತ ಲೋಗೋದ ಫೋಟೋ, ಚಿಕ್ಕದಾಗಿಯೂ ಓದಬರುವ ಲೋಗೋ ಅಲ್ಲ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ 512×512 ಚಿತ್ರವನ್ನು ಒಳಗೆ 64×64ರ ಚೌಕಳಿಯಲ್ಲಿ ಕಟ್ಟುತ್ತಿತ್ತು, ಒಂದೊಂದು ಮನೆಗೆ ಎಂಟೆಂಟು ಪಿಕ್ಸೆಲ್. ಅದಕ್ಕಿಂತ ತೀರಾ ಸಣ್ಣ ಗೆರೆ, ಸಣ್ಣ ಬಿರುಕು ಅಲ್ಲಿ ಸುಲಭವಾಗಿ ಕೆಡುತ್ತಿತ್ತು. ಈಚಿನ ಮಾದರಿಗಳು ಇಂಗ್ಲಿಷ್ ಅಕ್ಷರಗಳನ್ನು ಚೆನ್ನಾಗಿಯೇ ಬರೆಯುತ್ತವೆ. ಆದರೂ ಅವುಗಳಲ್ಲಿ ಹೆಚ್ಚಿನವು ಕೊಡುವುದು ಪಿಕ್ಸೆಲ್ ಚಿತ್ರವನ್ನೇ. ‘ವೆಕ್ಟರ್’ ಎಂದರೆ ಅವಕ್ಕೆ ವೆಕ್ಟರಿನ ಹಾಗೆ ಕಾಣುವ ಚಪ್ಪಟೆ ಬಣ್ಣ, ಅಷ್ಟೆ.

ಇಷ್ಟು ಹೇಳುತ್ತಿದ್ದ ಹಾಗೆ ಇನ್ನೊಂದು ಬಣ ಎದ್ದು ನಿಲ್ಲುತ್ತದೆ. ತಪ್ಪು ಪ್ರಾಂಪ್ಟಿನದಲ್ಲ, ಕನ್ನಡ ಲಿಪಿಯದು, ಗುಂಡಗಿನ ಅಕ್ಷರ ಚಿಕ್ಕದಾದರೆ ಉಂಡೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ CP ಎಂದೇ ಇಟ್ಟುಕೊಳ್ಳಿ ಎನ್ನುವವರು ಇವರು. ನಮ್ಮ ವಿನ್ಯಾಸ ವಿಮರ್ಶೆಯಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೆಂದರೆ ಅದನ್ನು ಯಾರೂ ಪರೀಕ್ಷಿಸುವುದೇ ಇಲ್ಲ. ಗುಂಡಗಿರುವುದು ದೋಷವಾಗಿದ್ದರೆ O ಮತ್ತು C ಮೊದಲು ಕೆಡಬೇಕಿತ್ತು. ಕೆಡುವುದು M, W, E. ಒಂದೇ ಅಗಲದಲ್ಲಿ ಅಥವಾ ಒಂದೇ ಎತ್ತರದಲ್ಲಿ ಎಷ್ಟು ಗೆರೆ ಒಂದರ ಪಕ್ಕ ಒಂದು ನಿಲ್ಲಬೇಕು ಎಂಬುದೇ ಇಲ್ಲಿ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ‘ರ’ ಇಂಗ್ಲಿಷಿನ Wಗಿಂತ ಎಷ್ಟೋ ಗಟ್ಟಿ, ಒಂದು ಬಳೆ ಮತ್ತು ಮೇಲೊಂದು ತಲೆಕಟ್ಟು. ಆದರೆ ಬಳೆಯ ಒಳಗೆ ಒಂದು ಕಲೆ ಉಳಿದರೂ ಅದು ‘ಠ’ ಆಗುತ್ತದೆ, ಅದು ಬೇರೆ ಮಾತು. ‘ಶ್ರೀ’ಯಿಂದ ಶುರುವಾಗುವ ಅಂಗಡಿಗಳಿಗೆ ಮಾತ್ರ ನಾನು ಸಮಾಧಾನ ಹೇಳಲಾರೆ. ಒತ್ತು, ಗುಡಿಸು, ದೀರ್ಘ ಮೂರೂ ಸೇರಿದ ಆ ಅಕ್ಷರಕ್ಕೆ ಹದಿನಾರು ಪಿಕ್ಸೆಲ್ ಸಾಲುವುದಿಲ್ಲ.

ಲಿಪಿಯನ್ನು ಬೈಯುವವರಿಗೂ ಪ್ರಾಂಪ್ಟನ್ನು ಹೊಗಳುವವರಿಗೂ ಒಂದೇ ಉತ್ತರವಿದೆ, ಚೌಕಳಿ ಕಾಗದದ ಮೇಲೆ ಎಣಿಸಿ ನೋಡುವುದು. ಚನ್ನಪಟ್ಟಣದ ಒಂದು ಗೊಂಬೆ ಅಂಗಡಿ ‘ಚಪ’ ಎಂಬ ಎರಡಕ್ಷರ ಬಯಸಿತು ಎಂದುಕೊಳ್ಳಿ. ಹದಿನಾರು ಮನೆಗಳಲ್ಲಿ ಆಚೀಚೆ ಒಂದೊಂದು ಅಂಚಿಗೆ ಬಿಟ್ಟರೆ ಉಳಿಯುವುದು ಹದಿನಾಲ್ಕು. ಗೆರೆಗೆ ಎರಡು ಮನೆ, ಒಳಜಾಗಕ್ಕೂ ಕನಿಷ್ಠ ಎರಡು. ‘ಚ’ದ ಅಗಲದಲ್ಲಿ ಎಡಗೆರೆ ಎರಡು, ಒಳಜಾಗ ಮೂರು, ಬಲಗೆರೆ ಎರಡು, ಒಟ್ಟು ಏಳು. ‘ಪ’ಗೆ ಬುಡದ ನಡುವೆ ಮೇಲೆದ್ದ ಮಡಿಕೆಯೊಂದಿದೆ, ಅಂದರೆ ಮೂರು ಗೆರೆ, ಎರಡು ಸಂದು, ಒಟ್ಟು ಹತ್ತು. ಅಕ್ಷರಗಳ ನಡುವೆ ಎರಡು ಬಿಟ್ಟರೆ ಹತ್ತೊಂಬತ್ತಾಯಿತು, ಇರುವುದು ಹದಿನಾಲ್ಕು. ಗೆರೆಯನ್ನು ಒಂದು ಪಿಕ್ಸೆಲ್‌ಗೆ ಇಳಿಸಿದರೆ ಹಿಡಿಯುತ್ತದೆ, ನಿಜ. ಆದರೆ ಆ ಗೆರೆ ಎರಡು ಮನೆಗಳ ನಡುವೆ ಕೂತರೆ ಕಪ್ಪು ಹೋಗಿ ಎರಡು ಬೂದು ಪಟ್ಟೆಯಾಗುತ್ತದೆ, ‘ಪ’ದ ಒಳಗಿನ ಸಂದು ಕಲೆಗಟ್ಟಿ ‘ಷ’ದ ಹಾಗೆ ಕಾಣಲು ಶುರುವಾಗುತ್ತದೆ. ಈಗಿನ ಫೋನುಗಳಲ್ಲಿ ಪಿಕ್ಸೆಲ್ ಒತ್ತಾಗಿರುವುದರಿಂದ ಸ್ವಲ್ಪ ರಿಯಾಯಿತಿ ಸಿಗುತ್ತದೆ, ಕಣ್ಣಿಗೆ ಮಾತ್ರ ರಿಯಾಯಿತಿ ಇಲ್ಲ.

ಹಾಗಾದರೆ ಈ ಅಳತೆಯಲ್ಲಿ ‘ಪ’ವನ್ನು ಬಿಡಬೇಕು. ‘ಚ’ ಒಂದೇ ನಿಂತರೆ ಎತ್ತರದಲ್ಲೂ ಲೆಕ್ಕ ಕೂಡುತ್ತದೆ. ತಲೆಕಟ್ಟು, ನಡುವಿನ ಗೆರೆ, ಬುಡದ ಗೆರೆ, ಮೂರಕ್ಕೆ ಎರಡೆರಡರಂತೆ ಆರು, ನಡುವಿನ ಎರಡು ಸಂದುಗಳಿಗೆ ನಾಲ್ಕು, ಒಟ್ಟು ಹತ್ತು. ಉಳಿದ ನಾಲ್ಕನ್ನು ಸಂದುಗಳಿಗೇ ಹಂಚಬೇಕು, ಗೆರೆಗಲ್ಲ. ವಾಟ್ಸಾಪ್ ಡಿಪಿ ಚೌಕದ ಮೂಲೆಗಳನ್ನು ಕತ್ತರಿಸಿ ದುಂಡಗೆ ತೋರಿಸುವುದರಿಂದ ತಲೆಕಟ್ಟಿನ ಬಲತುದಿಯನ್ನು ಒಂದು ಮನೆ ಒಳಗೆ ಎಳೆಯುವುದೂ ಒಳ್ಳೆಯದು.

ಗೊಂಬೆಯ ಮೇಲೆ ಕಥೆ ಇನ್ನೂ ಕಠಿಣ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ, ಅದು ಇಡೀ ಊರಿನ ಕಸುಬಿಗೆ ಸೇರಿದ್ದು. ಒಬ್ಬ ತಯಾರಕನನ್ನು ಪಕ್ಕದವನಿಂದ ಬೇರೆ ಮಾಡಿ ತೋರಿಸುವುದು ಬುಡದಲ್ಲಿರುವ ಅವನ ಸ್ವಂತ ಗುರುತು. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಗೆ ಅರಗು ಕರಗಿ ಮೈಗಂಟುವ ಹಾಗೆ ಮಾಡಿದ ಮೇಲ್ಮೈ ಅದು. ಬಿಸಿಗೆ ಮೆತ್ತಗಾಗುವ ಪದಾರ್ಥದ ಮೇಲೆ ಲೇಸರ್‌ನಲ್ಲಿ ಕೊರೆಯಿರಿ, ಕಾದ ಅಚ್ಚು ಒತ್ತಿರಿ, ಅಂಚು ಅಷ್ಟಿಷ್ಟು ಹರಡಿಯೇ ಹರಡುತ್ತದೆ. ಆರು ಮಿಲಿಮೀಟರ್ ಅಗಲದ ಗುರುತು ಎಂದುಕೊಳ್ಳಿ, ಅದನ್ನು ಹದಿನಾಲ್ಕು ಭಾಗ ಮಾಡಿದರೆ ಒಂದು ಭಾಗ ಸುಮಾರು 0.43 ಮಿ.ಮೀ. ಎರಡು ಭಾಗದ ಗೆರೆ 0.86, ಎರಡು ಭಾಗದ ಸಂದೂ ಅಷ್ಟೇ. ಪ್ರತಿ ಅಂಚು 0.15 ಹರಡಿತು ಎಂದು ಲೆಕ್ಕ ಹಿಡಿದರೂ ಸಂದು 0.56 ಉಳಿಯುತ್ತದೆ, ಓದಬಹುದು. ಆ ‘ಎಲಿಗೆಂಟ್’ ಪ್ರಾಂಪ್ಟಿನ ಗುರುತಿನಲ್ಲಿ ಗೆರೆಗೂ ಸಂದಿಗೂ ಒಟ್ಟು ಅಗಲದ ನಲವತ್ತನೇ ಒಂದು ಪಾಲು ಸಿಕ್ಕಿತ್ತು ಎಂದಾದರೆ ಎರಡೂ 0.15 ಮಿ.ಮೀ. ಎರಡೂ ಕಡೆಯಿಂದ ಹರಡಿದಾಗ ಸಂದು ಪೂರ್ತಿ ಮುಚ್ಚಿಹೋಗುತ್ತದೆ. ಗೊಂಬೆಯ ಬುಡದಲ್ಲಿ ಒಂದು ಸುಟ್ಟ ಕಲೆ. ಇಲ್ಲಿ ಕಾರ್ಟರ್ ಮಾಡಿದ್ದನ್ನೇ ಮಾಡಬೇಕು: ತಲೆಕಟ್ಟು ಒಡಲಿಗೆ ಕೂಡುವ ಮೂಲೆಯನ್ನು ಮೊದಲೇ ಕಚ್ಚಿ ಬಿಡಬೇಕು, ಗೆರೆಯನ್ನು ಬೇಕಾದ್ದಕ್ಕಿಂತ ತುಸು ತೆಳ್ಳಗೆ ಬರೆದು ಹರಡುವಿಕೆಗೆ ಜಾಗ ಕೊಡಬೇಕು. ಎಷ್ಟು ಎಂಬುದನ್ನು ಅದೇ ಬಣ್ಣದ ಅರಗು ಹಾಕಿದ ತುಂಡಿನ ಮೇಲೆ ಒತ್ತಿ ನೋಡಿಯೇ ತಿಳಿಯಬೇಕು.

ಪ್ರಾಂಪ್ಟಿಗೆ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ಅಳತೆ ಹೇಳುವುದನ್ನು ಬಿಟ್ಟು ಕಣ್ಣಿಗೆ ಕಾಣುವ ಸಂಬಂಧವನ್ನು ಹೇಳಿದರೆ ಅದು ಸ್ವಲ್ಪ ಮಾತು ಕೇಳುತ್ತದೆ. ಕನ್ನಡ ಅಕ್ಷರವನ್ನು ಯಂತ್ರದ ನೆನಪಿನಿಂದ ಬರೆಸಲು ಹೋದರೆ ಅಕ್ಷರದ ಹಾಗೆ ಕಾಣುವ, ಅಕ್ಷರವಲ್ಲದ ಆಕಾರ ಬರುವುದೇ ಹೆಚ್ಚು. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡದಂಥ ಫಾಂಟಿನ ದಪ್ಪ ‘ಚ’ವನ್ನೋ, ಕೈಯಲ್ಲಿ ಬರೆದದ್ದನ್ನೋ ಚಿತ್ರವಾಗಿ ಕೊಟ್ಟು ಹೀಗೆ ಕೇಳುವುದು ಮೇಲು:

```
keep the letterform of the input image, one letter only,
solid black on plain white, stroke as thick as the space inside it,
clear gap between head stroke and bowl, nothing else in frame
```

ಬಂದದ್ದರಲ್ಲಿ ಆಯ್ದುಕೊಳ್ಳಬೇಕಾದ್ದು ನಿಲುವು, ಬಾಗು, ಕೊನೆಯ ಮೊಟಕು, ಇಷ್ಟೇ. ಆಮೇಲೆ ಇಂಕ್‌ಸ್ಕೇಪ್‌ನಲ್ಲಿ ಅದರ ಮೇಲೆ ಚೌಕಳಿ ಹಾಸಿ ಗೆರೆಗಳನ್ನು ಹೊಸದಾಗಿ ಎಳೆಯಬೇಕು. ಯಂತ್ರದ ಅಂಚುಗಳನ್ನು ತಾನಾಗಿ ವೆಕ್ಟರ್ ಮಾಡಿಸಿದರೆ ಒಂದೇ ಗೆರೆ ಒಂದೆಡೆ ದಪ್ಪ ಒಂದೆಡೆ ಸಣ್ಣ ಆಗಿ ಬರುತ್ತದೆ. ದೊಡ್ಡದಾಗಿ ನೋಡಿದಾಗ ಅದು ಕೈಬರಹದ ಸೊಗಸೆನಿಸಬಹುದು. ಚಿಕ್ಕದಾದಾಗ ಸಣ್ಣ ಭಾಗ ಮೊದಲು ಮಾಯವಾಗುತ್ತದೆ.

ಪ್ರಾಂಪ್ಟಿನ ಅಭಿಮಾನಿಗಳು ಇಲ್ಲಿ, ಕೊನೆಗೆ ಕೈಕೆಲಸ ಎಲ್ಲದಕ್ಕೂ ಬೇಕೇ ಬೇಕಲ್ಲ, ಅದರಲ್ಲಿ ಏನು ವಿಶೇಷ ಎನ್ನುತ್ತಾರೆ. ವಿಶೇಷವಿರುವುದು ಕ್ರಮದಲ್ಲಿ. ಅವರ ಕ್ರಮದಲ್ಲಿ ಮೊದಲು 1024 ಪಿಕ್ಸೆಲ್‌ನ ಥಳಕಿನ ಚಿತ್ರ, ಆಮೇಲೆ ಕುಗ್ಗಿಸುವುದು. ಗಿರಾಕಿ ಒಪ್ಪಿಗೆ ಕೊಡುವುದೂ ಆ ಥಳಕನ್ನು ನೋಡಿಯೇ. ಆರು ಮಿಲಿಮೀಟರಿಗೆ ಬಂದಾಗ ಗೆರೆ ಮಾಯವಾದರೆ ಮರವನ್ನೋ ಲೇಸರ್ ಅಂಗಡಿಯವನನ್ನೋ ಬೈಯುತ್ತಾನೆ. ಗೊಂಬೆಯ ಬುಡಕ್ಕೆ, ಫೋನಿನ ಪರದೆಗೆ, ಡಬ್ಬಿಯ ಮುಚ್ಚಳಕ್ಕೆ ಒಂದೇ ಗುರುತಿನ ಮೂರು ಬೇರೆ ಬೇರೆ ಚಿತ್ರ ಬೇಕು. ಮುಚ್ಚಳದ ಮೇಲೆ ‘ಚಪ’ ಎರಡೂ ಹೆಣೆದುಕೊಂಡು ನಿಲ್ಲಲಿ, ಜಾಗವಿದೆ. ಬೇಕಿದ್ದರೆ ತೆಳು ಗೆರೆಯೂ ಇರಲಿ. ಆದರೆ ಮೊದಲು ಬರೆಸಬೇಕಾದ್ದು ಬುಡದ ಆರು ಮಿಲಿಮೀಟರಿನದು. ಗುರುತು ಬರೆದುಕೊಡುವವರನ್ನು ಅಂಗಡಿಯವರು ಅದನ್ನೇ ಮೊದಲು ಕೇಳಲಿ, ಅರಗು ಹಾಕಿದ ತುಂಡಿನ ಮೇಲೆ ಒತ್ತಿ ತರಲು ಹೇಳಲಿ, ಅಂಗಡಿಯ ಹೆಸರು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಇದು ಯಾವ ಅಕ್ಷರ ಎಂದು ಓದಿಸಲಿ. ‘ಛ’ ಎಂದೋ ‘ಬ’ ಎಂದೋ ಉತ್ತರ ಬಂದರೆ ದುಡ್ಡು ಕೊಡುವ ಮೊದಲು ಒಂದು ಸಂದು ಅಗಲಿಸಿ ವಾಪಸು ತರಲು ಹೇಳಬಹುದು.