ತುರ್ತು ಪ್ಲಂಬರ್ ಮತ್ತು ಮೂವತ್ತು ಅಕ್ಷರಗಳ ಶೀರ್ಷಿಕೆ

ಗೂಗಲ್ ಹುಡುಕಾಟದ ಫಲಿತಾಂಶಗಳ ನಡುವೆ ಕಾಣಿಸುವ ಪಠ್ಯ ಜಾಹೀರಾತಿನಲ್ಲಿ ಪ್ರತಿ ಶೀರ್ಷಿಕೆಗೂ 30 ಅಕ್ಷರಗಳ ಮಿತಿಯಿದೆ. ಜಾಹೀರಾತುದಾರರು 15ರವರೆಗೆ ಶೀರ್ಷಿಕೆಗಳನ್ನು ಬರೆದುಕೊಟ್ಟರೆ, ವ್ಯವಸ್ಥೆಯು ಅವುಗಳಲ್ಲಿ ಹೆಚ್ಚೆಂದರೆ ಮೂರನ್ನು ಆರಿಸಿ ತನ್ನದೇ ಕ್ರಮದಲ್ಲಿ ಜೋಡಿಸುತ್ತದೆ. ಆದ್ದರಿಂದ ಒಂದರಲ್ಲಿ ಆರಂಭವಾಗಿ ಇನ್ನೊಂದರಲ್ಲಿ ಮುಗಿಯುವ ವಾಕ್ಯ ಇಲ್ಲಿ ನಿಲ್ಲುವುದಿಲ್ಲ, ಪ್ರತಿ ಶೀರ್ಷಿಕೆಯೂ ಒಂಟಿಯಾಗಿಯೇ ಅರ್ಥ ಕೊಡಬೇಕಾಗುತ್ತದೆ.

ಕನ್ನಡದಲ್ಲಿ ಈ ಮಿತಿ ಕಣ್ಣಿಗೆ ಕಾಣುವುದಕ್ಕಿಂತ ಬಿಗಿಯಾದುದು. ಗಣಕವು ಅಕ್ಷರಗಳನ್ನು ಯೂನಿಕೋಡ್ ಸಂಕೇತಗಳಾಗಿ ಉಳಿಸಿಕೊಳ್ಳುವುದರಿಂದ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರವನ್ನು ಕೂಡಿಸುವ ಹಲಂತ, ಎಲ್ಲವೂ ಬೇರೆಬೇರೆ ಎಣಿಕೆಗೆ ಬರುತ್ತವೆ. ‘ಪ್ಲಂಬರ್’ ಎಂಬ ಪುಟ್ಟ ಪದವೇ ಏಳು ಸ್ಥಾನಗಳನ್ನು ನುಂಗುತ್ತದೆ. ಉತ್ತರ ಬೆಂಗಳೂರಿನ ಬಡಾವಣೆಗಳ ಹೆಸರುಗಳನ್ನಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ಯಲಹಂಕದಲ್ಲಿ ತುರ್ತು ಪ್ಲಂಬರ್’ ಎಂಬುದು 25 ಸ್ಥಾನಗಳಲ್ಲಿ ಹಾಯಾಗಿ ಕೂರುತ್ತದೆ, ಯಶವಂತಪುರವನ್ನಿಟ್ಟರೆ 28 ಆಗುತ್ತದೆ. ಆದರೆ ‘ಆರ್.ಟಿ. ನಗರದಲ್ಲಿ ತುರ್ತು ಪ್ಲಂಬರ್’ ಎಂದು ಬರೆದರೆ 31 ಆಗಿ, ಒಂದೇ ಒಂದು ಸ್ಥಾನದಿಂದ ತಿರಸ್ಕೃತವಾಗುತ್ತದೆ. ಚುಕ್ಕಿಗಳನ್ನು ತೆಗೆದು ಸೇರಿಸಿ ಬರೆದರೆ ಅದು ‘ಆರ್ಟಿ’ ಎಂದು ಅರ್ಕಾವತ್ತಿಗೆ ತಿರುಗಿ ಹೆಸರೇ ಕೆಡುತ್ತದೆ. ಚುಕ್ಕಿಗಳ ಬದಲು ಎರಡು ಅಕ್ಷರಗಳ ನಡುವೆ ಖಾಲಿ ಜಾಗ ಬಿಟ್ಟು ‘ಆರ್ ಟಿ ನಗರದಲ್ಲಿ ತುರ್ತು ಪ್ಲಂಬರ್’ ಎಂದರೆ ಸರಿಯಾಗಿ 30 ಆಗುತ್ತದೆ.

ಇಷ್ಟು ದುಬಾರಿಯಾದ ಜಾಗವನ್ನು ‘ಅತ್ಯುತ್ತಮ’, ‘ನಂಬಿಕಸ್ಥ’ ಎಂಬ ಹೊಗಳಿಕೆಗೆ ಸುರಿಯುವುದು ಈ ಬರವಣಿಗೆಯ ದೊಡ್ಡ ದೋಷ. ಅಡುಗೆಮನೆಯಲ್ಲಿ ನೀರು ಹರಿಯುತ್ತಿರುವಾಗ ಮೊಬೈಲ್ ಹಿಡಿದವರಿಗೆ ಬೇಕಾದದ್ದು ತಮ್ಮ ತೊಂದರೆಯ ಹೆಸರು, ಊರು, ಹೊತ್ತು ಮತ್ತು ದರ. ‘ಒಡೆದ ಪೈಪಿಗೆ ರಾತ್ರಿಯೂ ಪ್ಲಂಬರ್’ (28) ತೊಂದರೆಯನ್ನೂ ಹೊತ್ತನ್ನೂ ಒಟ್ಟಿಗೆ ಹೇಳುತ್ತದೆ. ‘ದರ ತಿಳಿಸಿದ ಮೇಲೆಯೇ ಕೆಲಸ’ (22) ಎಂಬುದು ‘ಅಗ್ಗದ ದರ’ಕ್ಕಿಂತ ಎಷ್ಟೋ ಮೇಲು, ಏಕೆಂದರೆ ಮನೆಯವರು ಅದನ್ನು ಬಾಗಿಲಲ್ಲೇ ಪರೀಕ್ಷಿಸಬಹುದು. ‘30 ನಿಮಿಷದಲ್ಲಿ ಮನೆಗೆ’ ಎಂಬ ಮಾತು ಮಾತ್ರ ಅಪಾಯದ್ದು: ಯಲಹಂಕದಿಂದ ಹೊರಟವನು ಸಂಜೆಯ ಹೊತ್ತಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಯಶವಂತಪುರಕ್ಕೆ ಆ ಅವಧಿಯಲ್ಲಿ ತಲುಪುತ್ತಾನೆಂದು ಯಾರೂ ಭರವಸೆ ಕೊಡಲಾರರು. ಪ್ರತಿ ಬಡಾವಣೆಗೂ ಪ್ರತ್ಯೇಕ ಜಾಹೀರಾತು ಗುಂಪು ಮಾಡಿ, ಅಲ್ಲಿ ಕೆಲಸಗಾರನಿದ್ದರೆ ಮಾತ್ರ ಸಮಯವನ್ನು ಹೇಳುವುದು ಸರಿಯಾದ ದಾರಿ.

ದೂರವಾಣಿ ಸಂಖ್ಯೆಯನ್ನು ಶೀರ್ಷಿಕೆಯಲ್ಲಿ ಬರೆಯಲು ಗೂಗಲ್ ಬಿಡುವುದಿಲ್ಲ, ಉದ್ಗಾರ ಚಿಹ್ನೆಗೂ ಅಲ್ಲಿ ಅವಕಾಶವಿಲ್ಲ. ಸಂಖ್ಯೆಗೆ ಕರೆಯ ಸೌಲಭ್ಯವನ್ನು ಪ್ರತ್ಯೇಕವಾಗಿ ಜೋಡಿಸಬೇಕು.

ಇನ್ನೊಂದು ದೋಷ ಹೊಗಳಿಕೆಗಿಂತಲೂ ಗಂಭೀರವಾದುದು. ‘ಯುಜಿಡಿ ಬ್ಲಾಕ್ ತೆರವು’ ಎಂಬ ಶೀರ್ಷಿಕೆ ಮನೆಯೊಳಗಿನ ಕೊಳವೆಗೂ ಬೀದಿಯ ಒಳಚರಂಡಿಗೂ ಇರುವ ಗೆರೆಯನ್ನು ಅಳಿಸಿಬಿಡುತ್ತದೆ. ಬೀದಿಯ ಮ್ಯಾನ್‌ಹೋಲ್ ಉಕ್ಕಿದರೆ ಅದು ಜಲಮಂಡಳಿಯ ಹೊಣೆ, ದೂರು ಹೋಗಬೇಕಾದದ್ದು 1916ಕ್ಕೆ. ಹಣ ಕೊಟ್ಟು ಖಾಸಗಿ ಪ್ಲಂಬರನ್ನು ಕರೆಸಿಕೊಂಡವರಿಗೆ ಅಲ್ಲಿ ಪರಿಹಾರ ಸಿಗುವುದಿಲ್ಲ. ಆದ್ದರಿಂದ ‘ಮ್ಯಾನ್‌ಹೋಲ್’, ‘ಜಲಮಂಡಳಿ’ ಎಂಬ ಪದಗಳನ್ನು ನೆಗೆಟಿವ್ ಕೀವರ್ಡ್‌ಗಳಾಗಿ, ಅಂದರೆ ಯಾವ ಪದ ಹುಡುಕಿದಾಗ ಜಾಹೀರಾತು ಕಾಣಿಸಬಾರದೋ ಅಂಥ ಪದಗಳಾಗಿ, ಸೇರಿಸಿ, ಶೀರ್ಷಿಕೆಯಲ್ಲಿ ‘ಮನೆಯೊಳಗಿನ’ ಎಂಬ ಮಾತನ್ನು ಬಿಡದೆ ಇಡಬೇಕು.