ನಡುವರ್ಷದ ಹೊಸಬಳಿಗೆ ಸ್ವಾಗತಪತ್ರ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಹೊಂದಿಕೊಂಡಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ದಸರಾ ರಜೆ ಕಳೆದು ಎರಡನೆಯ ಅವಧಿಯ ಪಾಠಗಳು ಮೊದಲಾದ ಮೇಲೆ ಹೊರರಾಜ್ಯಗಳಿಂದ ಬಂದು ಸೇರುವ ಮಕ್ಕಳಿಗೆಂದು ಎರಡು ಪುಟಗಳ ಒಂದು ಜೊತೆಗಾರ ಯೋಜನೆಯನ್ನೂ, ದಪ್ಪ ಕಾಗದವನ್ನು ನಡುವೆ ಮಡಿಸಿ ಮಾಡಿದ ಒಂದು ಸ್ವಾಗತಪತ್ರವನ್ನೂ ರಚಿಸಿದ್ದಾರೆ. ಅವೆರಡೂ ನನ್ನ ಅವಲೋಕನಕ್ಕೆ ಬಂದುವು. ಅವುಗಳನ್ನು ಬರಿಯ ಕಾಗದವಾಗಿ ಓದಿ ಮೆಚ್ಚುವುದಕ್ಕಿಂತ, ಅವು ಯಾರಿಗಾಗಿ ಹುಟ್ಟಿದುವೋ ಆ ಮಗುವಿನ ದಿನಚರಿಯೊಡನೆ ಹೋಲಿಸಿ ನೋಡುವುದೇ ನ್ಯಾಯವೆಂದು ತೋರಿತು. ಆ ಮಗು ಒಡಿಶಾದ ಗಂಜಾಂ ಜಿಲ್ಲೆಯಿಂದ, ಕಟ್ಟಡದ ಕೆಲಸಕ್ಕೆಂದು ಹೊರಟ ಕುಟುಂಬದೊಡನೆ ನವೆಂಬರಿನಲ್ಲಿ ಬಂದು ನಾಲ್ಕನೆಯ ತರಗತಿಗೆ ಸೇರಿದ ಒಬ್ಬ ಹುಡುಗಿ. (ಗಂಜಾಂ ಎಂದೊಡನೆ ತರಗತಿಯ ಮಂಡ್ಯ ಕಡೆಯ ಹುಡುಗನೊಬ್ಬನು ಅವಳನ್ನು ಶ್ರೀರಂಗಪಟ್ಟಣದ ಗಂಜಾಂನವಳೆಂದೇ ಭಾವಿಸಿ ಬಹಳ ಸಲುಗೆಯಿಂದ ಮಾತಾಡಿಸಿದನಂತೆ, ಯೋಜನೆಯಲ್ಲಿ ಬರೆಯದೆ ದೊರೆತ ಮೊದಲನೆಯ ಸ್ವಾಗತವದು.)

ಶಾಲೆಯ ಬಾಗಿಲವರೆಗೆ ಅವಳನ್ನು ಕರೆತರುವ ಹೊಣೆಯನ್ನು ಕಾನೂನು ಹೊತ್ತಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸತಕ್ಕದ್ದು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವರ್ಷದ ನಡುವೆ ಬಂದಳೆಂದಾಗಲಿ ಸೇರಿಸಿಕೊಳ್ಳದೆ ಹಿಂದೆ ಕಳುಹಿಸಕೂಡದು. ಆದರೆ ಬಾಗಿಲಿನಿಂದ ಬೆಂಚಿನವರೆಗೆ, ಬೆಂಚಿನಿಂದ ನೀರಿನ ನಲ್ಲಿಯವರೆಗೆ, ಅಲ್ಲಿಂದ ಬಿಸಿಯೂಟದ ಸಾಲಿನವರೆಗೆ ಇರುವ ದೂರವನ್ನು ಯಾವ ಕಾಯಿದೆಯೂ ಅಳೆದಿಲ್ಲ. ಪ್ರಸ್ತುತ ಯೋಜನೆಯ ಕ್ಷೇತ್ರ ಆ ದೂರವೇ. ಅದರ ಗುಣದೋಷಗಳನ್ನು ಅಲ್ಲಿಯೇ ಹುಡುಕಬೇಕು.

ಮೊದಲು ಪತ್ರವನ್ನು ನೋಡೋಣ. ಅದರ ಮುಖಪುಟದಲ್ಲಿ ಬಳ್ಳಿ ಹೂಗಳ ನಡುವೆ ‘ಸ್ವಾಗತ’ ಎಂದು ಕನ್ನಡದಲ್ಲಿ ಅಲಂಕರಿಸಿ ಬರೆದಿದೆ. ಕೆಳಗೆ ಅದೇ ಮಾತನ್ನು, ಆರನೆಯ ತರಗತಿಯ ಹುಡುಗನೊಬ್ಬನ ತಂದೆಯಿಂದ ಬರೆಯಿಸಿದ ಒಡಿಯಾ ಅಕ್ಷರಗಳಲ್ಲಿ ಕಾಣಿಸಿದೆ. ಒಳಪುಟದ ಎಡಕ್ಕೆ ತರಗತಿಯ ಸಮಸ್ತ ಮಕ್ಕಳ ಸಹಿಗಳಿವೆ. ಸದ್ಭಾವನೆಯೇನೋ ಹೌದು, ಆದರೆ ಕನ್ನಡದ ಒಂದಕ್ಷರವನ್ನೂ ಅರಿಯದವಳಿಗೆ ಆ ಪುಟ ಶಾಯಿಯ ಒಂದು ಪೊದೆಯಾಗಿ ಕಂಡಿತೇ ಹೊರತು ಮತ್ತೇನೂ ಅಲ್ಲ. ಬಲಕ್ಕೆ ಇರುವುದೇ ಈ ಪತ್ರದ ನಿಜವಾದ ಸಂಪತ್ತು: ಏಳನೆಯ ತರಗತಿಯ ಮಕ್ಕಳು ಬರೆದ ಶಾಲೆಯ ನಕ್ಷೆ. ನಲ್ಲಿ, ಹುಡುಗಿಯರ ಶೌಚಾಲಯ, ಅಡುಗೆಮನೆ, ನಾಲ್ಕನೆಯ ತರಗತಿಯ ಕೋಣೆ, ಇವುಗಳಿಗೆ ಅಕ್ಷರವಿಲ್ಲದೆ ಚಿತ್ರಗಳನ್ನೇ ಹಾಕಿ, ಕೋಣೆಯಿಂದ ಶೌಚಾಲಯಕ್ಕೆ ಹೋಗುವ ಹಾದಿಯನ್ನು ಹಸುರು ಗೆರೆಯಿಂದ ತೋರಿಸಿದ್ದಾರೆ. ಮೊದಲ ದಿನ ಮಾತು ಬಾರದ ಮಗು ಅನುಭವಿಸುವ ಅತ್ಯಂತ ದೊಡ್ಡ ಸಂಕಟ ಯಾವುದೆಂಬುದನ್ನು ದೊಡ್ಡವರಿಗಿಂತ ಈ ಏಳನೆಯ ತರಗತಿಯವರು ಚೆನ್ನಾಗಿ ಬಲ್ಲರು.

ಪತ್ರದ ಮುಖ್ಯ ದೋಷವೆಂದರೆ ಅದು ಅವಳೊಡನೆ ಮಾತಾಡುವುದೇ ವಿನಾ ಅವಳಿಗೆ ಮಾತನ್ನು ಕೊಡುವುದಿಲ್ಲ. ಒಡಿಯಾ ಲಿಪಿಯನ್ನು ಬರೆಯಬಲ್ಲವರೊಬ್ಬರು ದೊರೆತಿರುವಾಗ, ಅವರಿಂದ ಸ್ವಾಗತದ ಒಂದು ಪದವನ್ನು ಮಾತ್ರ ಬರೆಯಿಸಿ ಬಿಡುವುದು ಕೈಗೆ ಸಿಕ್ಕಿದ ಸಾಮರ್ಥ್ಯವನ್ನು ವ್ಯರ್ಥಗೊಳಿಸಿದಂತೆ. ಅವರಿಂದ ಬರೆಯಿಸಬೇಕಾದುದು ಕನ್ನಡದ ವಾಕ್ಯಗಳನ್ನೇ, ಒಡಿಯಾ ಅಕ್ಷರಗಳಲ್ಲಿ, ಒಂದೊಂದರ ಪಕ್ಕಕ್ಕೆ ಒಡಿಯಾದ ಅರ್ಥದೊಡನೆ: ‘ನೀರು ಕುಡಿದು ಬರ್ಲಾ, ಮಿಸ್?’, ‘ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ’, ‘ಅನ್ನ ಸಾಕು’, ‘ಹೊಟ್ಟೆ ನೋಯ್ತಿದೆ’, ‘ನಾನೂ ಆಟಕ್ಕೆ ಬರ್ಲಾ?’ ಒಡಿಶಾದಲ್ಲಿ ಮೂರು ವರ್ಷ ಓದಿದ ಮಗು ತನ್ನ ಲಿಪಿಯನ್ನು ಸಲೀಸಾಗಿ ಓದಬಲ್ಲಳು; ಅವಳ ಓದಿನ ಬಲವನ್ನೇ ಕನ್ನಡದ ನಾಲಿಗೆಗೆ ಊರುಗೋಲಾಗಿ ಕೊಡುವ ಉಪಾಯವಿದು. ಇಂತಹ ಆರೇಳು ವಾಕ್ಯಗಳು ಸಾಕು. ಇಪ್ಪತ್ತಾದರೆ ಅದು ಪಾಠವಾಗುತ್ತದೆ, ಚೀಲದೊಳಗೆ ಉಳಿಯುತ್ತದೆ. ವಾಕ್ಯಗಳು ಪಠ್ಯಪುಸ್ತಕದ ಕನ್ನಡದಲ್ಲಿರದೆ, ತರಗತಿಯ ಮಕ್ಕಳು ನಿಜವಾಗಿ ಆಡುವ ಮಾತಿನಲ್ಲಿಯೇ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಈ ಉಪಾಯಕ್ಕೂ ಒಂದು ಮಿತಿಯುಂಟು. ಕನ್ನಡದಲ್ಲಿ ಎ-ಏ, ಒ-ಓ ಎಂದು ಹ್ರಸ್ವದೀರ್ಘಗಳು ಬೇರೆಬೇರೆಯಾಗಿರುವಂತೆ ಒಡಿಯಾ ಲಿಪಿಯಲ್ಲಿಲ್ಲ. ಅಲ್ಲದೆ ಅಕಾರವನ್ನು ಒಡಿಯಾದವರು ಒಕಾರಕ್ಕೆ ಸಮೀಪವಾಗಿ ಉಚ್ಚರಿಸುತ್ತಾರೆ. ಆದಕಾರಣ ಬರೆಹದಿಂದ ಮಾತ್ರ ಕಲಿತರೆ ಅವಳ ‘ಅನ್ನ’ ಅಡುಗೆಯವರಿಗೆ ಬೇರೊಂದು ಶಬ್ದವಾಗಿ ಕೇಳಿಸುವುದು ಖಂಡಿತ. ಪಕ್ಕದಲ್ಲಿ ಕುಳಿತು, ಬೆರಳಿಟ್ಟು, ಬಾಯಿಂದ ಹೇಳಿಕೊಡುವ ಒಬ್ಬ ಸಮವಯಸ್ಕಳಿಲ್ಲದಿದ್ದರೆ ಪತ್ರ ಅರ್ಧ ಮೂಕವಾಗಿಯೇ ಉಳಿಯುತ್ತದೆ. ಜೊತೆಗಾತಿಯ ಪ್ರಸಕ್ತಿ ಇಲ್ಲಿಂದ ಏಳಬೇಕಾಗಿತ್ತು. ಆದರೆ ಯೋಜನೆಯನ್ನು ಬರೆದವರೂ ಪತ್ರವನ್ನು ಬರೆದವರೂ ಪರಸ್ಪರ ಸಮಾಲೋಚಿಸಿದ ಕುರುಹು ನನಗೆ ಎಲ್ಲಿಯೂ ಕಾಣಲಿಲ್ಲ.

ಯೋಜನೆಯ ಮೊದಲನೆಯ ಪುಟ ಪ್ರಶಂಸಾರ್ಹವಾಗಿದೆ. ಪ್ರೀತಿ, ಸೌಹಾರ್ದ ಮೊದಲಾದ ಗುಣಗಳನ್ನು ಬೋಧಿಸದೆ, ಜೊತೆಗಾತಿ ಮಾಡಬೇಕಾದ ಕೆಲಸಗಳನ್ನೇ ಅದರಲ್ಲಿ ಹೇಳಿದೆ: ಪ್ರಾರ್ಥನೆಗೆ ಮುಂಚೆ ಗೇಟಿನ ಬಳಿ ಕಾದಿರುವುದು, ಹಾಜರಿ ಕರೆದಾಗ ಏನೆನ್ನಬೇಕೆಂದು ತೋರಿಸುವುದು, ಊಟದ ತಟ್ಟೆಯನ್ನು ಎಲ್ಲಿಂದ ತೆಗೆದುಕೊಂಡು ಎಲ್ಲಿ ತೊಳೆದಿಡಬೇಕೆಂಬುದನ್ನು ತಾನೇ ಮಾಡಿ ಕಾಣಿಸುವುದು, ಸಂಜೆ ಅವಳ ಶೆಡ್ಡಿನ ತಿರುವಿನವರೆಗೆ ಜೊತೆಯಾಗಿ ನಡೆಯುವುದು. ಹತ್ತು ವರ್ಷದ ಮಗುವಿಗೆ ‘ಚೆನ್ನಾಗಿ ನೋಡಿಕೋ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಗೇಟಿನ ಬಳಿ ನಿಲ್ಲು’ ಎಂದರೆ ನಿಲ್ಲುತ್ತಾಳೆ.

ಎಡವಿರುವುದು ಆಯ್ಕೆಯಲ್ಲಿ. ತರಗತಿಯ ನಾಯಕಿ, ಎಲ್ಲದರಲ್ಲಿಯೂ ಮುಂದು, ಶಿಕ್ಷಕಿಯ ಅಚ್ಚುಮೆಚ್ಚು. ಅವಳೊಬ್ಬಳನ್ನೇ ವರ್ಷದ ಕೊನೆಯವರೆಗೆ ನೇಮಿಸಲಾಗಿದೆ. ಇಂತಹ ಮಗು ಮಾತಿನಲ್ಲಿ ಚುರುಕಾದುದರಿಂದಲೇ ಹೊಸಬಳ ಬದಲಾಗಿ ತಾನೇ ಉತ್ತರ ಕೊಡುತ್ತಾಳೆ. ಬರೆಹದಲ್ಲಿ ಚುರುಕಾದುದರಿಂದಲೇ ಹೊಸಬಳ ಪುಸ್ತಕವನ್ನು ತಾನೇ ತಿದ್ದುತ್ತಾಳೆ. ಎರಡನೆಯ ವಾರದಲ್ಲಿ ಹಾಗೆಯೇ ಆಯಿತು. 46ನ್ನು 7ರಿಂದ ಗುಣಿಸುವ ಲೆಕ್ಕವೊಂದನ್ನು ಹೊಸಬಳು ಒಡಿಯಾ ಅಂಕಿಗಳಲ್ಲಿ ಮಾಡಿದಳು. ಒಡಿಯಾ ಮಾಧ್ಯಮದ ಶಾಲೆಯಲ್ಲಿ ಆ ಅಂಕಿಗಳಲ್ಲಿಯೇ ಲೆಕ್ಕ ಕಲಿತವಳು. ನಾಣ್ಯದಿಂದಲೂ ಮೊಬೈಲಿನಿಂದಲೂ ಇಲ್ಲಿಯ ಅಂಕಿಗಳ ಗುರುತಿದ್ದರೂ ಅವಸರದಲ್ಲಿ ಕೈ ಹರಿಯುತ್ತಿದ್ದುದು ಅಭ್ಯಾಸದ ದಾರಿಯಲ್ಲಿ. ನಾಯಕಿ ಅದನ್ನು ಗೀಚಾಟವೆಂದು ಬಗೆದು ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದಳು. ‘ಇವಳಿಗೆ ಮಗ್ಗಿ ಬರಲ್ಲ, ಮಿಸ್’ ಎಂದು ವರದಿಯನ್ನೂ ಒಪ್ಪಿಸಿದಳು. ಶಿಕ್ಷಕಿ ಆ ಪುಟವನ್ನು ಅದೇ ಆರನೆಯ ತರಗತಿಯ ಹುಡುಗನಿಗೆ ತೋರಿಸಿದಾಗ, ಅದರಲ್ಲಿ ಇದ್ದ ಉತ್ತರ 322 ಎಂದು ತಿಳಿಯಿತು. ಲೆಕ್ಕ ಸರಿ, ದಶಕವನ್ನು ಮೇಲಕ್ಕೆ ಒಯ್ದಿದ್ದ ಕ್ರಮವೂ ಸರಿ. ತಪ್ಪು ನಾಯಕಿಯದೆಂದು ನಾನು ಹೇಳಲಾರೆ. ಹೊಸಬಳಿಗೆ ಏನು ಬರುತ್ತದೆಂಬುದನ್ನು ಪರೀಕ್ಷಿಸುವುದು ಶಿಕ್ಷಕಿಯ ಕಾರ್ಯ. ಅದನ್ನು ಮೊದಲ ವಾರದಲ್ಲಿ ಅವಳ ಲಿಪಿಯನ್ನು ಬಲ್ಲವರೊಬ್ಬರನ್ನು ಕೂರಿಸಿಕೊಂಡು ಮಾಡಬೇಕು. ಯೋಜನೆಯಲ್ಲಿ ಅದಕ್ಕೆ ಒಂದು ಸಾಲೂ ಇಲ್ಲದ್ದರಿಂದ ಶಿಕ್ಷಕಿಯ ಕೆಲಸ ತಾನಾಗಿ ಮಗುವಿನ ಹೆಗಲಿಗೆ ಜಾರಿತು.

ಜೊತೆಗಾರಿಕೆ ಕೆಡುತ್ತಿದೆ ಎಂಬುದನ್ನು ತಿಳಿಯಲು ಪ್ರಶ್ನಾವಳಿ ಬೇಕಾಗಿಲ್ಲ. ಹೊಸ ಮಗು ಎದ್ದು ನಿಲ್ಲುವುದಕ್ಕೂ ಮುಂಚೆ ಜೊತೆಗಾತಿಯ ಮುಖವನ್ನು ನೋಡುತ್ತದೆಯೇ, ಆಟದ ಬಿಡುವಿನಲ್ಲಿ ಜೊತೆಗಾತಿ ತನ್ನ ಹಳೆಯ ಗೆಳತಿಯರ ಕಡೆಗೆ ಓಡಿ ಇವಳು ಗೋಡೆಗೆ ಒರಗುತ್ತಾಳೆಯೇ ಎಂದು ನೋಡಿದರೆ ಸಾಕು. ಎಲ್ಲಕ್ಕಿಂತ ನಿಶ್ಚಿತವಾದ ಪರೀಕ್ಷೆಯೆಂದರೆ ಜೊತೆಗಾತಿ ಗೈರುಹಾಜರಾದ ದಿನ ಹೊಸಬಳು ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಾಳೆಂಬುದು. ನಾಯಕಿಗೆ ಜ್ವರ ಬಂದ ಎರಡು ದಿನ ಇವಳು ಅಡುಗೆಮನೆಯ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಉಂಡಳೆಂದು ಅಡುಗೆಯಮ್ಮನಿಂದ ತಿಳಿಯಿತು.

ಅಲ್ಲಿಂದಾಚೆಗೆ ಶಿಕ್ಷಕಿ ಮಾಡಿದ ತಿದ್ದುಪಾಡು, ಮೂಲ ಯೋಜನೆಗಿಂತ ನನಗೆ ಹೆಚ್ಚು ಹಿಡಿಸಿತು. ಒಬ್ಬಳ ಬದಲು ಮೂವರು: ಬೆಂಚಿನಲ್ಲಿ ಒಬ್ಬಳು, ಆಟಕ್ಕೆ ಒಬ್ಬಳು, ಸಂಜೆಯ ಹಾದಿಗೆ ಅದೇ ಓಣಿಯಲ್ಲಿ ವಾಸಿಸುವ ಇನ್ನೊಬ್ಬಳು. ಬೆಂಚಿನವಳಾಗಿ ಆರಿಸಿದ್ದು ಎರಡು ವರ್ಷದ ಹಿಂದೆ ರಾಯಚೂರಿನಿಂದ ಬಂದ, ತಾನೂ ಬೆಂಗಳೂರಿನ ಮಾತಿಗೆ ಒಗ್ಗಲು ಹೆಣಗಿದ, ಸಾವಕಾಶವಾಗಿ ಮಾತಾಡುವ ಹುಡುಗಿಯನ್ನು. ಆಟಕ್ಕೆ ಕುಂಟೆಬಿಲ್ಲೆಯಲ್ಲಿ ಪ್ರಖ್ಯಾತಳಾದವಳನ್ನು. ಕುಂಟೆಬಿಲ್ಲೆಗೆ ಮಾತು ಬೇಡ, ಸರದಿ ಗೊತ್ತಿದ್ದರೆ ಆಯಿತು. ಶುಕ್ರವಾರ ಐದು ನಿಮಿಷ ಈ ಮೂವರನ್ನು ಬೇರೆಯಾಗಿ ಕರೆದು ‘ನಿಮಗೆ ಏನು ಕಷ್ಟವಾಯಿತು?’ ಎಂದು ಕೇಳುವ ಪದ್ಧತಿಯೂ ಸೇರಿತು. ಹೊರೆ ಹೊತ್ತ ಮಗುವಿಗೆ ಗೊಣಗುವ ಅವಕಾಶವೊಂದಿರಬೇಕು. ಅದೇ ಭಾಷೆಯ ಆರನೆಯ ತರಗತಿಯ ಹುಡುಗನನ್ನೇ ಜೊತೆಗಾರನನ್ನಾಗಿ ಮಾಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೊದಲ ದಿನಗಳ ಭಯಕ್ಕೂ, ಲೆಕ್ಕದ ಪುಟವನ್ನು ಓದುವುದಕ್ಕೂ ಅವನು ಅಮೂಲ್ಯ; ಆದರೆ ಅವನಿಗೂ ಅವನ ಪಾಠಗಳಿವೆ, ದಿನಕ್ಕೆ ನಾಲ್ಕು ಬಾರಿ ದುಭಾಷಿಯಾಗಿ ಕರೆಸಿಕೊಳ್ಳುವ ಮಗು ತನ್ನ ತರಗತಿಯಲ್ಲಿ ಹಿಂದುಳಿಯುತ್ತದೆ.

ಪತ್ರವನ್ನು ಕೊಟ್ಟ ಬಗೆಯ ಕುರಿತೂ ಒಂದು ಮಾತು. ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ‘ನಿನ್ನ ಭಾಷೆಯಲ್ಲಿ ಏನಾದರೂ ಹೇಳು’ ಎಂದು ಕೇಳಲಾಯಿತು. ಹುಡುಗಿ ಹೇಳಿದಳು, ಹಿಂದಿನ ಸಾಲುಗಳು ನಕ್ಕುವು. ನಗೆಯಲ್ಲಿ ದುರುದ್ದೇಶವಿರಲಿಲ್ಲ, ಅಪರಿಚಿತ ಧ್ವನಿಗೆ ಮಕ್ಕಳು ನಗುವುದು ಸಹಜ. ಆದರೆ ಹಾಗೆ ನಗುವರೆಂದು ದೊಡ್ಡವರು ಮೊದಲೇ ತಿಳಿದಿರಬೇಕಾಗಿತ್ತು. ಪತ್ರ ಬೆಂಚಿನ ಮೇಲೆ, ಜೊತೆಗಾತಿಯ ಕೈಯಿಂದ, ಮೊದಲ ಗಂಟೆಯ ಗದ್ದಲದಲ್ಲಿ ಸಲ್ಲತಕ್ಕದ್ದು.

ಯೋಜನೆಯ ಎರಡನೆಯ ಪುಟ ಹೊಸಬಳನ್ನು ಅತಿಥಿಯಂತೆ ಕಾಣತಕ್ಕದ್ದೆಂದು ವಿಧಿಸಿ, ಆರು ವಾರ ತರಗತಿಯ ಸರದಿ ಕೆಲಸಗಳಿಂದ ಅವಳಿಗೆ ವಿನಾಯಿತಿ ಕೊಡುತ್ತದೆ. ಇದನ್ನು ನಾನು ಒಪ್ಪಲಾರೆ. ಗಿಡಗಳಿಗೆ ನೀರು ಹಾಕುವ, ಕಪ್ಪುಹಲಗೆ ಒರಸುವ, ನೋಟ್‌ಬುಕ್ ಹಂಚುವ ಸರದಿಯಲ್ಲಿ ಹೆಸರಿರುವುದೇ ಆ ತರಗತಿಯಲ್ಲಿ ಇರುವುದಕ್ಕೆ ಪ್ರಮಾಣ. ನೋಟ್‌ಬುಕ್ ಹಂಚುವ ನೆಪದಲ್ಲಿ ಎಲ್ಲರ ಹೆಸರೂ ಮುಖವೂ ಒಂದು ವಾರದಲ್ಲಿ ಪರಿಚಯವಾಗುತ್ತವೆ, ಸಹಿಗಳ ಆ ಪುಟದಿಂದ ಆಗದ ಕೆಲಸವದು. ಎರಡನೆಯ ಸೋಮವಾರದಿಂದಲೇ ಅವಳ ಹೆಸರು ಸರದಿಯ ಪಟ್ಟಿಯಲ್ಲಿರಲಿ.

ಕೊನೆಯದಾಗಿ, ಬರುವಿಕೆಯನ್ನು ಇಷ್ಟು ವಿಸ್ತಾರವಾಗಿ ಚಿಂತಿಸಿದ ಯೋಜನೆ ಹೋಗುವಿಕೆಯನ್ನು ಮರೆತಿದೆ. ಕಟ್ಟಡದ ಕೆಲಸ ಮುಗಿದೊಡನೆ ಈ ಕುಟುಂಬ ಮತ್ತೊಂದು ಊರಿಗೆ ತೆರಳಬಹುದು. ಅದು ಮಾರ್ಚ್ ತಿಂಗಳೇ ಆಗಬಹುದು. ಆಗ ವರ್ಗಾವಣೆ ಪತ್ರವನ್ನು ತಡವಿಲ್ಲದೆ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಅದರೊಡನೆ, ಯಾವ ಕನ್ನಡ ಅಕ್ಷರಗಳನ್ನು ಓದಬಲ್ಲಳು, ಗಣಿತದಲ್ಲಿ ಎಲ್ಲಿಯವರೆಗೆ ಬಂದಿದ್ದಾಳೆ, ಯಾವ ಅಂಕಿಗಳಲ್ಲಿ ಲೆಕ್ಕ ಮಾಡುತ್ತಾಳೆ ಎಂಬುದನ್ನು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಅರ್ಧ ಪುಟ ಬರೆದು ತಂದೆಯ ಕೈಗೆ ಕೊಟ್ಟರೆ, ಮುಂದಿನ ಶಾಲೆಯಲ್ಲಿ 322ರ ಮೇಲೆ ಮತ್ತೊಮ್ಮೆ ಕೆಂಪು ಗೆರೆ ಬೀಳುವುದು ತಪ್ಪುತ್ತದೆ.