ಯಂತ್ರವೆಂಬ ಲಿಪಿಕಾರ: ಹಳೆಯ ಕನ್ನಡ ಮುದ್ರಣಗಳ ಓದಿನಲ್ಲಿ ಱಕಾರ-ೞಕಾರಗಳ ಗತಿ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಲಿಪಿಕಾರರು ಎರಡು ಬಗೆಯವರೆಂಬುದು ಅನುಭವಸಿದ್ಧವಾದ ಸಂಗತಿ. ಅರ್ಥವನ್ನರಿಯದೆ ಕಂಡುದನ್ನು ಕಂಡಂತೆ ಬರೆಯುವವನು ಒಬ್ಬ. ಎಲ್ಲವನ್ನೂ ಬಲ್ಲವನಂತೆ ಮೂಲವನ್ನು ತನ್ನ ಕಾಲದ ರೂಢಿಗೆ ತಿದ್ದಿ ಬರೆಯುವವನು ಇನ್ನೊಬ್ಬ. ಮೊದಲನೆಯವನ ಸ್ಖಾಲಿತ್ಯಗಳು ಅರ್ಥಕ್ಕೆ ಹೊಂದದೆ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಎರಡನೆಯವನವು ಶುದ್ಧಪಾಠದ ವೇಷದಲ್ಲಿ ಕುಳಿತಿರುವುದರಿಂದ ಬೇರೊಂದು ಪ್ರತಿ ದೊರೆಯುವವರೆಗೂ ಪತ್ತೆಯಾಗುವುದಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಹಳೆಯ ಮುದ್ರಿತ ಗ್ರಂಥಗಳ ಸ್ಕ್ಯಾನ್ ಚಿತ್ರಗಳನ್ನು ಓದಿ ಅಕ್ಷರರೂಪಕ್ಕೆ ತರುತ್ತಿರುವ, ಓಸಿಆರ್ ಎಂದು ಕರೆಯಲಾಗುವ ಯಂತ್ರವು ಈ ಎರಡನೆಯ ವರ್ಗಕ್ಕೆ ಸೇರಿದ ಲಿಪಿಕಾರನೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲಾಗುವುದು. ಅವನಿಗೆ ತಕ್ಕ ಪಾಠ ಹೇಳಿಕೊಡುವ ಮಾರ್ಗವಿದೆ. ಆದರೆ ಅದು ಈಗ ನಡೆಯುತ್ತಿರುವ ಮಾರ್ಗವಲ್ಲ.

ಬಸವಕಲ್ಯಾಣದ ಸೀಮೆಯ ಮುಡಬಿಯಂತಹ ಊರಿನಲ್ಲಿ ಕುಳಿತು ಅಭ್ಯಾಸ ಮಾಡುವವನಿಗೆ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ಶಬ್ದಮಣಿದರ್ಪಣವಾಗಲಿ, 1898ರ ಪಾಠಕರ ಕವಿರಾಜಮಾರ್ಗವಾಗಲಿ ಪುಸ್ತಕರೂಪದಲ್ಲಿ ಸಿಗುವುದು ದುರ್ಲಭ. ಸಿಗುವುದು ಅವುಗಳ ಸ್ಕ್ಯಾನ್ ಪ್ರತಿ. ಅದರಲ್ಲಿ ಹಾಳೆಯ ಹಿಂಬದಿಯ ಮಸಿ ಮುಂದಕ್ಕೆ ಹಾಯ್ದಿರುತ್ತದೆ, ಹೊಲಿಗೆಯ ಬಳಿ ಸಾಲುಗಳು ಬಾಗಿರುತ್ತವೆ. ಚಿತ್ರವನ್ನು ಬರಿಯ ಕಪ್ಪು-ಬಿಳುಪಿಗೆ ಇಳಿಸಿದಾಗ ಸಣ್ಣ ರೇಖೆಗಳು ಅಲ್ಲಲ್ಲಿ ತುಂಡಾಗಿರುತ್ತವೆ. ಇಂತಹ ಪ್ರತಿಯಲ್ಲಿ ಒಂದು ಶಬ್ದವನ್ನು ಹುಡುಕಬೇಕಾದರೆ ಯಂತ್ರದ ಓದೇ ಗತಿ. ಕಲ್ಯಾಣದ ಚಾಲುಕ್ಯರ ಕಾಲದ ಭಾಷೆಯನ್ನು ಪರಿಶೀಲಿಸುವವನಿಗಂತೂ ಱಕಾರ-ೞಕಾರಗಳು ಕೇವಲ ಕಾಗುಣಿತದ ಮಾತಲ್ಲ. ೞಕಾರವು ಕ್ರಮೇಣ ಳಕಾರದಲ್ಲಿ ಲೀನವಾದುದು, ವ್ಯಂಜನದ ಹಿಂದೆ ರೇಫವಾಗಿ ‘ಗೞ್ದೆ’ಯು ‘ಗರ್ದೆ’ಯಾಗಿ ‘ಗದ್ದೆ’ಯಾದುದು, ಇವೆಲ್ಲ ಶಾಸನದ ಹಾಗೂ ಕಾವ್ಯದ ಕಾಲನಿರ್ಣಯಕ್ಕೆ ನೆರವಾಗುವ ಸಾಕ್ಷ್ಯಗಳು. ಒಂದೇ ಪಾಠದಲ್ಲಿ ಹಳೆಯ ರೂಪವೂ ಹೊಸ ರೂಪವೂ ಬೆರೆತಿದ್ದರೆ ಆ ಬೆರಕೆಯೇ ನಮಗೆ ಬೇಕಾದುದು.

ಈಗ ಬಳಕೆಯಲ್ಲಿರುವ ಯಂತ್ರಗಳಲ್ಲಿ ಯಾರೂ ಹಣ ತೆರದೆ ಉಪಯೋಗಿಸಬಹುದಾದ, ತಿದ್ದಿ ಕಲಿಸಬಹುದಾದ ಟೆಸೆರಾಕ್ಟ್ ಎಂಬುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಓದುವುದಿಲ್ಲ. ಇಡೀ ಸಾಲಿನ ಚಿತ್ರವನ್ನು ಕೆಲವೇ ಹತ್ತು ಚುಕ್ಕಿಗಳ ಎತ್ತರಕ್ಕೆ ಕುಗ್ಗಿಸಿ, ಅಕ್ಕಪಕ್ಕದ ಆಕಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಕ್ಷರಪಂಕ್ತಿಯನ್ನು ಊಹಿಸುತ್ತದೆ. ಈ ಊಹೆಯನ್ನು ಅದು ಕಲಿತದ್ದು ಬಹುಮಟ್ಟಿಗೆ ಇಂದಿನ ಕನ್ನಡ ಪಠ್ಯವನ್ನು ಇಂದಿನ ಅಕ್ಷರಮಾದರಿಗಳಲ್ಲಿ ಮೂಡಿಸಿದ ಕೃತಕ ಚಿತ್ರಗಳಿಂದ. ಆದಕಾರಣ ಮಸುಕಾದ ‘ಮೞೆ’ಯನ್ನು ಕಂಡಾಗ, ಕಂಡ ಆಕಾರಕ್ಕಿಂತ ಕಲಿತ ರೂಢಿಯೇ ಗೆದ್ದು ‘ಮಳೆ’ ಎಂದು ಬರೆಯುತ್ತದೆ. ‘ಧರ್ಮ್ಮ’ ಎಂಬ ದ್ವಿತ್ವವನ್ನು ‘ಧರ್ಮ’ವೆಂದು ಸರಳಗೊಳಿಸುತ್ತದೆ. ಪುಟ ಕೊಳೆಯಾದಷ್ಟೂ ಈ ಪ್ರವೃತ್ತಿ ಹೆಚ್ಚು. ಕಣ್ಣು ಸೋತಲ್ಲಿ ನೆನಪು ಮುಂದಾಗುವುದು ಮನುಷ್ಯ ಲಿಪಿಕಾರನಲ್ಲಿಯೂ ಉಂಟಷ್ಟೆ.

ಮೊದಲು ಪರೀಕ್ಷಿಸಬೇಕಾದುದು ಯಂತ್ರದ ವರ್ಣಮಾಲೆಯನ್ನು. ಅದರಲ್ಲಿ ಇಲ್ಲದ ಅಕ್ಷರವನ್ನು ಯಂತ್ರವು ಎಷ್ಟು ಸ್ವಚ್ಛವಾದ ಚಿತ್ರವನ್ನು ಕೊಟ್ಟರೂ ಬರೆಯಲಾರದು. `combine_tessdata -u kan.traineddata kan.` ಎಂಬ ಆದೇಶದಿಂದ ಕನ್ನಡ ಮಾದರಿಯನ್ನು ಬಿಚ್ಚಿದರೆ `kan.lstm-unicharset` ಎಂಬ ಕಡತ ಹೊರಬೀಳುತ್ತದೆ. ಅದರಲ್ಲಿ ಱ ಮತ್ತು ೞ ಇವೆಯೇ ಎಂದು ನೋಡಬೇಕು. ಇಲ್ಲಿ ಒಂದು ವಿನೋದದ ಸಂಗತಿ: ಯೂನಿಕೋಡ್ ಸಂಕೇತಪಟ್ಟಿಯಲ್ಲಿ ನಮ್ಮ ೞಕಾರದ ಸ್ಥಾನ `U+0CDE`, ಅದಕ್ಕೆ ಅಲ್ಲಿರುವ ಹೆಸರು `KANNADA LETTER FA`. ಅದು ತಪ್ಪೆಂದು ಒಪ್ಪಿ `LLLA` ಎಂಬ ತಿದ್ದುಪಡಿಯ ಉಪನಾಮವನ್ನು ಸೇರಿಸಿದ್ದಾರಾದರೂ, ಮೂಲಹೆಸರನ್ನು ಬದಲಿಸುವ ನಿಯಮವಿಲ್ಲದ ಕಾರಣ ಅದು ಹಾಗೆಯೇ ಉಳಿದಿದೆ. ರಳ-ಕುಳ-ಕ್ಷಳಗಳ ಭೇದವನ್ನು ಸೂತ್ರೀಕರಿಸಿದ ಕೇಶಿರಾಜನಿಗೆ ಇದನ್ನು ತೋರಿಸಬೇಕಿತ್ತು.

ಯಂತ್ರಕ್ಕೆ ಮರುಶಿಕ್ಷಣ ಕೊಡುವ ವಿಧಾನ ಕಷ್ಟವಾದುದಲ್ಲ. ಸ್ಕ್ಯಾನ್ ಪುಟದಿಂದ ಒಂದೊಂದು ಸಾಲಿನ ಚಿತ್ರವನ್ನು ಕತ್ತರಿಸಿ, ಪ್ರತಿಯೊಂದಕ್ಕೂ ಅದೇ ಹೆಸರಿನ, `.gt.txt` ಎಂದು ಕೊನೆಗೊಳ್ಳುವ ಕಡತದಲ್ಲಿ ಆ ಸಾಲಿನ ಶುದ್ಧಪಾಠವನ್ನು ಬರೆದಿಡಬೇಕು. ಇವನ್ನು `data/kan_hale-ground-truth` ಎಂಬಲ್ಲಿ ಕೂಡಿಸಿ, `tesstrain` ಎಂಬ ಸಾಧನದಿಂದ ಹೀಗೆ ನಡೆಸುವುದು:

```
make training MODEL_NAME=kan_hale START_MODEL=kan \
  LANG_TYPE=Indic TESSDATA=../tessdata_best MAX_ITERATIONS=3000
```

ಆರಂಭದ ಮಾದರಿಯು `tessdata_best` ಸಂಗ್ರಹದ್ದೇ ಆಗಿರಬೇಕು. ವೇಗಕ್ಕಾಗಿ ಸಂಕ್ಷೇಪಿಸಿದ `tessdata_fast` ಮಾದರಿಗಳಿಗೆ ಮರುಶಿಕ್ಷಣ ಸಾಧ್ಯವಿಲ್ಲ. ಈ ವಿಧಾನದಲ್ಲಿ ನಾವು ಕೊಟ್ಟ ಪಾಠದ ಅಕ್ಷರಗಳು ಹಳೆಯ ವರ್ಣಮಾಲೆಗೆ ಸೇರಿಕೊಳ್ಳುತ್ತವೆ. ಸೇರದಿದ್ದರೆ `Encoding of string failed!` ಎಂಬ ಸೂಚನೆ ಕಾಣಿಸಿಕೊಂಡು ಆ ಸಾಲು ಶಿಕ್ಷಣದಿಂದ ಬಿಟ್ಟುಹೋಗುತ್ತದೆ. ಈ ಸೂಚನೆಯನ್ನು ಅಲಕ್ಷಿಸಿದರೆ ೞಕಾರವಿದ್ದ ಸಾಲುಗಳೇ ಹೊರಗುಳಿದು, ಯಾವುದಕ್ಕಾಗಿ ಶ್ರಮಪಟ್ಟೆವೋ ಅದೇ ಕೈತಪ್ಪುವ ಸಂಭವವುಂಟು.

ಯಂತ್ರ ನಡೆಸುವುದು ಸುಲಭ. ದೋಷವೆಲ್ಲ ಇರುವುದು ಶುದ್ಧಪಾಠವೆಂದು ನಾವು ಬರೆದಿಡುವ ಕಡತದಲ್ಲಿ. ಬೆರಳಚ್ಚು ಮಾಡುವವನು ಕೀಲಿಮಣೆಯಲ್ಲಿ ೞಕಾರ ಸುಲಭವಾಗಿ ಸಿಗಲಿಲ್ಲವೆಂದು ‘ಬಾೞ್’ ಎಂಬುದನ್ನು ‘ಬಾಳ್’ ಎಂದು ಬರೆದನೆನ್ನೋಣ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಅವನು ಅರ್ಥವನ್ನು ಕೆಡಿಸಿದ್ದಷ್ಟೇ ಅಲ್ಲ, ೞಕಾರದ ಆಕಾರವನ್ನು ಕಂಡಾಗ ಳಕಾರವನ್ನು ಬರೆಯಬೇಕೆಂದು ಯಂತ್ರಕ್ಕೆ ಕಲಿಸಿಕೊಟ್ಟಂತಾಯಿತು. ಆಮೇಲೆ ಯಂತ್ರ ಹಾಗೆ ಬರೆದಾಗ, ಅದೇ ಕೈಯ ಪಾಠದೊಡನೆ ಹೋಲಿಸಿದರೆ ತಪ್ಪೇ ಇಲ್ಲವೆಂದು ತೋರುತ್ತದೆ! ಮುದ್ರಣದ ಅಚ್ಚುತಪ್ಪನ್ನು ಕೂಡ ಇಲ್ಲಿ ತಿದ್ದಕೂಡದು. ಇದು ಪ್ರತಿಯ ನಕಲು, ಪರಿಷ್ಕರಣವಲ್ಲ. ತಿದ್ದುಪಡಿಗೆ ಬೇರೆ ಹಂತವಿದೆ. ಪ್ರತಿ ಸಾಲನ್ನೂ ಇಬ್ಬರು ಪ್ರತ್ಯೇಕವಾಗಿ ಬರೆದು, ಭಿನ್ನವಾದೆಡೆಯಲ್ಲಿ ಚಿತ್ರವನ್ನು ನೋಡಿ ನಿರ್ಣಯಿಸುವುದೇ ಸುರಕ್ಷಿತ ಕ್ರಮ.

ಸಾಲುಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಚೆನ್ನಾಗಿ ಕಾಣುವ ಪುಟಗಳನ್ನೇ ಆರಿಸಿದರೆ ಕೊಳೆಯ ಪುಟಗಳಲ್ಲಿ ಪ್ರಯೋಜನವಾಗದು. ಮೂರು ನಾಲ್ಕು ನೂರು ಸಾಲುಗಳಿದ್ದರೆ ಒಂದು ಮುದ್ರಣಾಲಯದ ಅಚ್ಚಿಗೆ ಕೆಲಸ ಆರಂಭಿಸಬಹುದೆಂಬುದು ನಮ್ಮ ಅಭಿಪ್ರಾಯ. ಆದರೆ ಅವುಗಳಲ್ಲಿ ಱ, ೞಗಳು ಒಂದೊಂದೂ ಹಲವು ಹತ್ತು ಸಲವಾದರೂ ಬರುವಂತೆ ಪುಟಗಳನ್ನು ಹುಡುಕಿ ತೆಗೆಯಬೇಕು. ಕಲೆಗಳನ್ನು ಅಳಿಸುವ ಉತ್ಸಾಹವನ್ನೂ ಹಿಡಿತದಲ್ಲಿಡಬೇಕು. ಸಣ್ಣ ಚುಕ್ಕೆಗಳನ್ನು ಒರೆಸುವ ಸಾಧನವು ಮಹಾಪ್ರಾಣದ ಕೆಳಗಿನ ಸೀಳನ್ನೂ ಥಕಾರದ ಒಳಗಿನ ಬಿಂದುವನ್ನೂ ಕಲೆಯೆಂದೇ ಎಣಿಸುತ್ತದೆ; ‘ಧನ’ವು ‘ದನ’ವಾಗುವುದು ಹೀಗೆ. ಅರ್ಕಾವೊತ್ತಿನ ಆಕಾರಕ್ಕೂ ಕನ್ನಡದ ಒಂಬತ್ತಕ್ಕೂ (೯) ಭೇದವಿಲ್ಲದ್ದರಿಂದ, ಪದ್ಯಾಂತದ ಸಂಖ್ಯೆ ಕೊನೆಯ ಅಕ್ಷರಕ್ಕೆ ರೇಫವಾಗಿ ಅಂಟಿಕೊಳ್ಳುವುದೂ ಉಂಟು.

ಇನ್ನು ‘ಶೇಕಡ 99 ಶುದ್ಧ’ ಎಂಬ ಘೋಷಣೆಯ ವಿಚಾರ. ಒಂದು ಪುಟದಲ್ಲಿ 20 ಸಾಲು, ಸಾಲಿಗೆ 30 ಅಕ್ಷರ, ಒಟ್ಟು 600 ಅಕ್ಷರಗಳಿವೆಯೆಂದು ಇಟ್ಟುಕೊಳ್ಳೋಣ. ಅದರಲ್ಲಿ ೞಕಾರಗಳು ಆರು. ಆರನ್ನೂ ಯಂತ್ರ ಳಕಾರವಾಗಿಸಿ ಉಳಿದುದನ್ನೆಲ್ಲ ಸರಿಯಾಗಿ ಓದಿದರೆ ದೋಷ ಶೇಕಡ 1; ಪಾಠ ಶೇಕಡ 99 ಶುದ್ಧ. ಆದರೆ ೞಕಾರದ ಮಟ್ಟಿಗೆ ಅದು ಶೇಕಡ ನೂರು ಅಶುದ್ಧ. ಆದ್ದರಿಂದ ಒಟ್ಟು ಪ್ರಮಾಣವನ್ನು ಕೇಳದೆ, ಶಿಕ್ಷಣಕ್ಕೆ ಬಳಸದೆ ತೆಗೆದಿರಿಸಿದ ಪುಟಗಳಲ್ಲಿ ೞ ಎಷ್ಟಿದ್ದವು, ಎಷ್ಟು ಉಳಿದವು. ೞ ಇಲ್ಲದ ಕಡೆ ಎಷ್ಟು ಹೊಸದಾಗಿ ಹುಟ್ಟಿದವು ಎಂದು ಅಕ್ಷರವಾರು ಕೇಳಬೇಕು. ಎರಡನೆಯ ಪ್ರಶ್ನೆ ಮುಖ್ಯ. ಅತಿಯಾಗಿ ಕಲಿತ ಯಂತ್ರ ‘ಆಳ್’ ಎಂಬ ಸೇವಕನನ್ನು ‘ಆೞ್’ ಎಂದು ಮುಳುಗಿಸಿಬಿಡಬಲ್ಲುದು. ಮಾದರಿಯೊಂದಿಗೆ ಶಬ್ದಕೋಶವೂ ಬಂದಿದ್ದರೆ ಓದಿಸುವಾಗ `-c load_system_dawg=0 -c load_freq_dawg=0` ಎಂದು ಅದನ್ನು ಮುಚ್ಚಬೇಕು. ಇಲ್ಲವಾದರೆ ಆಧುನಿಕ ಶಬ್ದಗಳ ಕಡೆಗಿನ ಒಲವು ಇಮ್ಮಡಿಯಾಗುತ್ತದೆ.

ಪದ್ಯಗ್ರಂಥಗಳಲ್ಲಿ ನಮಗೆ ಯಂತ್ರತಜ್ಞರಿಗಿಲ್ಲದ ಒಂದು ಒರೆಗಲ್ಲು ಇದೆ: ಛಂದಸ್ಸು. ಕಂದಪದ್ಯದ ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳಿರಬೇಕು. ಕೆಳಗಿನ ಒತ್ತಕ್ಷರ ಮಾಸಿ ‘ಅತ್ತ’ ಎಂಬುದು ‘ಅತ’ ಎಂದಾದರೆ ಗುರುವು ಲಘುವಾಗಿ ಆ ಪಾದದಲ್ಲಿ ಒಂದು ಮಾತ್ರೆ ಕಡಿಮೆಯಾಗುತ್ತದೆ. ದೋಷವಿರುವ ಪಾದ ಎಣಿಕೆಯಿಂದಲೇ ತಿಳಿಯುತ್ತದೆ. ದ್ವಿತೀಯಾಕ್ಷರಪ್ರಾಸ ಇನ್ನೂ ಹರಿತವಾದುದು. ನಾಲ್ಕು ಪಾದಗಳು ‘ಪೊೞಲ್’, ‘ನೆೞಲ್’, ‘ಮಳೆ’, ‘ಕೞಿ’ ಎಂಬ ಶಬ್ದಗಳಿಂದ ಆರಂಭವಾಗಿ ಬಂದರೆ ಮೂರನೆಯದು ‘ಮೞೆ’ಯೇ ಆಗಿರಬೇಕೆಂಬ ಸಂದೇಹ ಕೂಡಲೇ ಹುಟ್ಟುತ್ತದೆ. ಈ ಎಣಿಕೆಯನ್ನೂ ಹೋಲಿಕೆಯನ್ನೂ ಯಂತ್ರದಿಂದಲೇ ಮಾಡಿಸಿ, ಸಂದೇಹಾಸ್ಪದ ಪದ್ಯಗಳ ಪಟ್ಟಿಯನ್ನು ತೆಗೆಯಬಹುದು. ಆದರೆ ತಿದ್ದುವ ಅಧಿಕಾರವನ್ನು ಅದಕ್ಕೆ ಕೊಡಕೂಡದು. ಪ್ರಾಸಭಂಗ ಮುದ್ರಿತ ಪ್ರತಿಯಲ್ಲಿಯೇ ಇರಬಹುದು, ಅದರ ಹಿಂದಿನ ಓಲೆಯಲ್ಲಿಯೇ ಇರಬಹುದು.

ಈ ಒರೆಗಲ್ಲಿಗೂ ಮಿತಿಯುಂಟು. ನಾಲ್ಕೂ ಪಾದಗಳಲ್ಲಿ ೞಕಾರ ಳಕಾರವಾಗಿದ್ದರೆ ಪ್ರಾಸ ಕೆಡುವುದಿಲ್ಲ, ದೋಷ ಹೊರಬೀಳುವುದಿಲ್ಲ. ಮರುಶಿಕ್ಷಣವಿಲ್ಲದ ಯಂತ್ರ ಮಾಡುವುದು ಬಹುಮಟ್ಟಿಗೆ ಇದನ್ನೇ. ಪಾದದ ನಡುವಿನ ಅಕ್ಷರಗಳಿಗೆ ಪ್ರಾಸದ ಕಾವಲಿಲ್ಲ. ವಡ್ಡಾರಾಧನೆಯಂತಹ ಗದ್ಯಕ್ಕೆ ಮಾತ್ರೆಯೂ ಇಲ್ಲ, ಪ್ರಾಸವೂ ಇಲ್ಲ. ಅಲ್ಲಿ ಕೇಶಿರಾಜನು ಕೊಟ್ಟಿರುವ ರಳದ ಶಬ್ದಗಳನ್ನು ಪಟ್ಟಿಮಾಡಿಕೊಂಡು, ಅವುಗಳ ಳಕಾರರೂಪ ಯಂತ್ರಪಾಠದಲ್ಲಿ ಕಂಡೆಡೆಯಲ್ಲೆಲ್ಲ ಪುಟದ ಚಿತ್ರವನ್ನು ತೆಗೆದು ನೋಡುವುದೊಂದೇ ದಾರಿ. ಚಿತ್ರವನ್ನು ಜೊತೆಗಿಡದೆ ಯಂತ್ರಪಾಠವನ್ನಷ್ಟೇ ಪ್ರಕಟಿಸುವವರು ಈ ದಾರಿಯನ್ನೂ ಮುಚ್ಚುತ್ತಾರೆ. ಅಂತಹ ಪಾಠವನ್ನು ಪ್ರಯೋಗಗಳ ಸೂಚಿಗೆ ಆಧಾರವಾಗಿ ಇಟ್ಟುಕೊಂಡು ಯಾವುದೊಂದು ಕೃತಿಯಲ್ಲಿ ೞಕಾರವಿಲ್ಲವೆಂದು ಬರೆಯುವುದು, ಮಾತೃಪ್ರತಿಯನ್ನು ನೋಡದೆ ಪಾಠಾಂತರವನ್ನು ನಿರ್ಣಯಿಸಿದಂತೆಯೇ ಸರಿ.